ಮಾಜಿ ಜೋಡಿ ಲಾಟೀನು

ನಮ್ಮ ಖಾನಾವಳಿಯ ಹೆಸರು ಜೋಡಿ ಲಾಟೀನು. ಅಂದರೆ ಈಗಲ್ಲ, ಮೊದಲು. ಮುಂಬಯಿಯ ಗೋರೆಗಾಂವ್ ಸ್ಟೇಶನ್ನಿನಿಂದ ಹತ್ತು ನಿಮಿಷದ ದಾರಿ. ಶುರು ಮಾಡಿದಾಗ ಕರೆಂಟಿನ ನೆಚ್ಚಿಕೆ ಇರಲಿಲ್ಲ, ಬಾಗಿಲಿಗೆ ಎರಡು ಲಾಟೀನು ತೂಗಹಾಕುತ್ತಿದ್ದೆವು. ಆ ಹೆಸರು ಗಿರಾಕಿಗಳೇ ಇಟ್ಟದ್ದು. ಹೆಸರು ಹುಡುಕುವಷ್ಟು ಪುರಸೊತ್ತು ನಮಗೆಲ್ಲಿತ್ತು? ನನ್ನ ಗಂಡ ಗಲ್ಲಾದ ಮೇಲೆ, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ, ಮೈದುನ ಬಾಗಿಲಲ್ಲಿ ನಿಂತು ಹೋಗುವವರನ್ನು ಒಳಗೆ ಕರೆಯುತ್ತಾ. ನಲವತ್ತು ವರ್ಷ ಹೀಗೇ ನಡೆಯಿತು.

ಗಂಡ ಸತ್ತ ಮೇಲೆ ಪಾಲಾಯಿತು. ಜಾಗ ನಮಗೆ, ರೊಕ್ಕ ಮೈದುನನಿಗೆ. ಪಾತ್ರೆ ಎಣಿಸಿದರು, ಬೆಂಚು ಎಣಿಸಿದರು. ಹೆಸರು ಯಾರದು ಅಂತ ಯಾರೂ ಕೇಳಲಿಲ್ಲ. ಅದೂ ಆಸ್ತಿಯಂತೆ. ನನಗೇನು ಗೊತ್ತು, ನಾನು ಓದಿದ್ದು ನಾಲ್ಕನೇ ಇಯತ್ತೆ. ಮೈದುನ ಸುಮ್ಮನೆ ಹೋಗಿ ಜೋಡಿ ಲಾಟೀನು ಅನ್ನುವುದನ್ನು ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಂಡು, ಕಾಂದಿವಲಿಯಲ್ಲಿ ಅದೇ ಹೆಸರಿನಲ್ಲಿ ಅಂಗಡಿ ತೆಗೆದ. ಆಮೇಲೆ ನಮಗೇ ನೋಟೀಸು ಕಳಿಸಿದ.

ವಕೀಲರು ಹೇಳಿದರು: "ಅಜ್ಜಿ, ನೀವೂ ಮೊದಲಿನಿಂದ ಆ ಹೆಸರು ನಡೆಸಿದ್ದೀರಿ. ಹೊಡೆದಾಡಬಹುದು. ಆದರೆ ವರ್ಷಗಟ್ಟಲೆ ಆಗ್ತದೆ."

"ವರ್ಷಗಟ್ಟಲೆ ನಾ ಇರಬೇಕಲ್ಲ," ಅಂದೆ.

ರಾಜಿ ಆಯಿತು. ಹೆಸರು ಮೈದುನನಿಗೆ. ನಾವು ಹೊಸ ಹೆಸರು ಇಟ್ಟುಕೊಳ್ಳಬೇಕು. ಒಂದೇ ವರ್ಷ, ಬೋರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ, ಮಾಜಿ ಜೋಡಿ ಲಾಟೀನು ಅಂತ ಬರೆಯಬಹುದು. ಬೇರೆ ಹೆಚ್ಚುಕಮ್ಮಿ ಬರೆದರೆ ಆ ಒಂದು ವರ್ಷವೂ ಹೋಯಿತು. ನಮ್ಮ ಗಿರಾಕಿ ನಮ್ಮನ್ನು ಬಿಟ್ಟು ಕಾಂದಿವಲಿ ಲೋಕಲ್ ಹತ್ತದಂತೆ ಹಿಡಿದುಕೊಳ್ಳಲು ನಮಗಿದ್ದದ್ದು ಆ ಒಂದು ಸಾಲು.

ಹೊಸ ಹೆಸರಿಗೆ ಮನೆಯಲ್ಲಿ ಸಂತೆ ನೆರೆಯಿತು. ಕಾಲೇಜಿನ ಮೊಮ್ಮಗಳು ಯಾರೋ ಡಿಸೈನರನ್ನು ಕರೆತಂದಳು. ಅವನು ಜೋಳದ ರೊಟ್ಟಿಗೆ ಇಂಗ್ಲಿಷ್ ಹೆಸರು ಹೇಳಿ, ಗೋಡೆಗೆ ಬೂದಿ ಬಣ್ಣ ಬಳಿಯಿರಿ ಅಂದ. ಬೂದಿ ಒಲೆಯಲ್ಲಿ ಬೇಕಷ್ಟಿದೆ, ನೀನು ಚಹಾ ಕುಡಿದು ನಡಿ ಅಂದೆ. ಮಗ ಒಂಟಿ ಲಾಟೀನು ಅಂತ ಇಡೋಣ ಅಂದ. ಲಾಟೀನಿನ ಗೊಡವೆಯೇ ಬೇಡ, ಮತ್ತೆ ನೋಟೀಸು ಬರ್ತದೆ ಅಂದರು ವಕೀಲರು. ಬಿಸಿ ರೊಟ್ಟಿ ಅಂದೆ ನಾನು. ಅದು ಎಲ್ಲರೂ ಮಾರುವ ಪದಾರ್ಥ, ನಿಮ್ಮೊಬ್ಬರದೇ ಅಂತ ಟ್ರೇಡ್‌ಮಾರ್ಕಿನವರು ಬರೆದುಕೊಡುವುದಿಲ್ಲ ಅಂದರು.

ನನಗೆ ತಲೆ ಕೆಟ್ಟಿತು. "ಗಿರಾಕಿಗೆ ಓದಾಕ ಬರಲಿ ಬಿಡಲಿ, ನೀಲಿ ಬಾಗಲಾ ಕಾಣತೈತಿ. ನಲವತ್ತು ವರ್ಷ ಅದಕ್ಕ ಬ್ಯಾರೆ ಬಣ್ಣ ಹಚ್ಚಿಲ್ಲ. ಅದನ್ನ ಇಡ್ರಿ, ನನ್ನ ಬಿಡ್ರಿ."

ವಕೀಲರು ಹುಡುಕಿ ನೋಡಿದರು. ನೀಲಿ ಬಾಗಿಲು ಯಾರ ಹೆಸರಿನಲ್ಲೂ ಇರಲಿಲ್ಲ. ಅದೇ ಗಟ್ಟಿಯಾಯಿತು. ಬಾಗಿಲು, ಫೋನ್ ನಂಬರು, ತಾಟು, ಬಳ್ಳೊಳ್ಳಿ ಚಟ್ನಿ ಯಾವುದನ್ನೂ ಮುಟ್ಟಬಾರದು ಅಂದೆ. ಊಟದ ಲೈಸೆನ್ಸು, ಜಿಎಸ್‌ಟಿ, ಅಂಗಡಿ ಪರವಾನಗಿಯ ಗುಮಾಸ್ತಾ ಕಾಗದ, ಎಲ್ಲಾ ಕಡೆ ಹೆಸರು ಬದಲಿಸಲು ಮಗ ತಿರುಗಿ ತಿರುಗಿ ಚಪ್ಪಲಿ ಸವೆಸಿದ.

ಮೊಬೈಲಿನ ಕೆಲಸ ಮೊಮ್ಮಗಳದು. ಅವಳು ನಕಾಶೆಯಲ್ಲಿ ನೀಲಿ ಬಾಗಿಲು ಅಂತ ಹೊಸದೊಂದು ಗುರುತು ಹಾಕಿ, ಹಳೆಯದನ್ನು ಕಾಯಂ ಮುಚ್ಚಿದೆ ಅಂತ ಒತ್ತಿಬಿಟ್ಟಳು. ಎಂಟು ದಿನ ಬೆಂಚು ಖಾಲಿ. ಒಂಬತ್ತನೆಯ ದಿನ ಹಳೆಯ ಗಿರಾಕಿಯೊಬ್ಬರ ಫೋನು, ದನಿ ಮೆತ್ತಗೆ ಮಾಡಿಕೊಂಡು.

"ಖಾನಾವಳಿ ಮುಚ್ಚಿತಂತಲ್ಲ. ಅಜ್ಜಿ ಯಾವಾಗ ಹೋದ್ರು?"

"ಎಲ್ಲೂ ಹೋಗಿಲ್ಲ. ಹೋದಾಕೀನ ಮಾತಾಡಾಕತ್ತೀನಿ. ಊಟಕ್ಕ ಬರ್ರಿ."

ಮೊಮ್ಮಗಳ ಮುಖ ಸಣ್ಣದಾಯಿತು. "ಸಾರಿ ಅಜ್ಜಿ. ಪುರಾನಾವಾಲಾದಲ್ಲೇ ನಾಮ್ ಚೇಂಜ್ ಮಾಡಬೇಕಿತ್ತು. ಎಲ್ಲಾ ರಿವ್ಯೂ ಅದರಲ್ಲೇ ಇತ್ತು." ಸರಿಮಾಡಲು ಅರ್ಜಿ ಹಾಕಿದಳು, ಕಾಯಬೇಕಂತೆ.

ಇವರನ್ನು ನಂಬಿದರೆ ಆಗುವುದಿಲ್ಲ ಅಂತ ಬೋರ್ಡಿನ ಅಂಗಡಿಗೆ ನಾನೇ ಹೋದೆ. ಮುಂಬಯಿಯಲ್ಲಿ ಬೋರ್ಡು ಮರಾಠಿಯಲ್ಲಿ ದೊಡ್ಡದಾಗಿ ಇರಲೇಬೇಕು. ನನಗೆ ಮರಾಠಿ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಮೇಲೆ ನೀಲಿ ಬಾಗಿಲು ಅಂತ ಬರಿ, ಕೆಳಗೆ ಮಾಜಿ ಜೋಡಿ ಲಾಟೀನು ಅಂತ ಹಾಕು ಅಂದೆ. ಅವನು ತಲೆ ಎತ್ತದೆ, ಏನು ಅನ್ನುವಂತೆ, "ಕಾಯ್?" ಅಂದ. ಸಿಟ್ಟು ಬಂತು. ಎದೆಗೆ ಕೈ ಬಡಿದುಕೊಂಡು, "ಮಾಜಿ, ಮಾಜಿ!" ಅಂತ ಒದರಿದೆ. ಈಗ ತಿಳಿಯಿತು ಅಂದ.

ಬೋರ್ಡು ಬಂತು, ಹತ್ತಿತು. ಮಗ ಮೇಲಿನ ದೊಡ್ಡ ಅಕ್ಷರ ನೋಡಿ ಚಂದ ಐತಿ ಅಂದ. ಕೆಳಗಿನದನ್ನು ಯಾರೂ ಓದಲಿಲ್ಲ. ಮರುದಿನ ಮೈದುನ ಓದಿದ, ಯಾರೋ ಕಳಿಸಿದ ಫೋಟೋದಲ್ಲಿ. ಕೂಡಲೇ ಫೋನು ಮಾಡಿದ.

"ವೈನಿ, ಏನಿದು? ಮಾಝಿ ಅಂತ ಬರಸೀರಿ?"

"ಹೌದು, ಮಾಜಿ. ಕಾಗದದಾಗ ಇದ್ದದ್ದ ಅದು."

"ಮಾಜಿ ಅಲ್ಲ, ಮಾಝಿ! ಮಾಝಿ ಅಂದ್ರ ನನ್ನದು. ನನ್ನ ಜೋಡಿ ಲಾಟೀನು ಅಂತ ಊರಿಗೆಲ್ಲಾ ಡಂಗುರ ಹೊಡದೀರಿ!"

ಜ ಮತ್ತು ಝ ನನ್ನ ಬಾಯಲ್ಲಿ ಒಂದೇ. ಅದರ ಮೇಲೆ ಎದೆ ಬೇರೆ ಬಡಿದುಕೊಂಡಿದ್ದೆ. ಪಾಪ, ಆ ಮನುಷ್ಯ ಮತ್ತೇನು ಬರೆದಾನು? ವಕೀಲರಿಗೆ ಫೋನು ಮಾಡಿದರೆ ಅವರು ನಗಲಿಲ್ಲ. "ಅಜ್ಜಿ, ಇವತ್ತೇ ತೆಗೆಸಿ. ರಾಜಿ ಮುರಿದಿರಿ ಅಂತ ಅವರು ಬರೆದುಕೊಟ್ಟರೆ ಆ ಸಾಲೇ ಅಳಿಸಬೇಕಾಗ್ತದೆ."

ಮೊಮ್ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. "ಅಜ್ಜಿ, ಬೋಲೋ ನಾ ಸಾರಿ." ಎಂಟು ದಿನದ ಖಾಲಿ ಬೆಂಚಿಗೆ ಅವಳನ್ನು ಬೈದ ಬಾಯಿ ನನ್ನದು. ಬೋರ್ಡಿನವನಿಗೆ ಫೋನು ಹಚ್ಚು ಅಂದೆ.

ಮಧ್ಯಾಹ್ನ ಬೋರ್ಡಿನವನು ಏಣಿ ತಂದ. ಮೈದುನ ತಾನೇ ನಿಂತು ನೋಡುತ್ತೇನೆ ಅಂತ ಕಾಂದಿವಲಿಯಿಂದ ಬಂದ.

"ನಿಂತು ಏನ ನೋಡ್ತಿ? ಏಣಿ ಹಿಡಿ," ಅಂದೆ. ಹಿಡಿದ. ನನ್ನ ಕೈಯ ರೊಟ್ಟಿ ತಿಂದು ದೊಡ್ಡವನಾದವನು, ನನ್ನ ಮಾತಿಗೆ ಅಷ್ಟು ಮಾಡಿಯಾನು.

ಅಕ್ಷರದ ಮೇಲೆ ನೀಲಿ ಸ್ಟಿಕ್ಕರ್ ಅಂಟಿಸಿ ಹೊಸ ಅಕ್ಷರ ಹಚ್ಚಿದರು. ಆದರೆ ಆ ನೀಲಿ ಬೇರೆ, ಬೋರ್ಡಿನ ನೀಲಿ ಬೇರೆ. ಹೊಸ ಅಂಗಿಗೆ ಹಳೆ ತ್ಯಾಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ದಾರಿಯಲ್ಲಿ ಹೋಗುವವರೆಲ್ಲ ದೊಡ್ಡ ಹೆಸರು ಬಿಟ್ಟು ಮೊದಲು ಆ ಸಣ್ಣ ಸಾಲನ್ನೇ ನೋಡತೊಡಗಿದರು. ಡಿಸೈನರ್ ಕೈಲಿ ಆಗದ್ದು ತ್ಯಾಪೆ ಮಾಡಿತು.

ಮೈದುನನಿಗೂ ತಿಳಿಯಿತು. "ವೈನಿ, ಇದು ಭಾಳ ಕಾಣತೈತಿ."

"ಅಕ್ಷರ ಸಣ್ಣದು ಇರಬೇಕಂತ ಬರದಾರ, ಸಣ್ಣದು ಐತಿ. ತ್ಯಾಪಿ ಬಗ್ಗೆ ಕಾಗದದಾಗ ಏನೂ ಇಲ್ಲ."

ಅವನು ಬಾಯಿ ತೆರೆಯುವಷ್ಟರಲ್ಲಿ ಒಬ್ಬರು ಬಂದು ಬೋರ್ಡಿನ ಕೆಳಗೆ ನಿಂತರು. ಮೊಬೈಲು ನೋಡಿದರು, ಬೋರ್ಡು ನೋಡಿದರು, ಮೈದುನನನ್ನು ನೋಡಿದರು. "ಲಾಟೀನಿನ ಖಾನಾವಳಿ ಮುಚ್ಚಿದೆ ಅಂತ ತೋರಿಸ್ತದಲ್ಲ?"

ಮೈದುನ ಏಣಿ ಬಿಡಲಿಲ್ಲ. ಇನ್ನೊಂದು ಕೈ ನೀಲಿ ಬಾಗಿಲಿನ ಕಡೆ ತಾನೇ ಎದ್ದಿತು. "ಇದ ರೀ ಅದು. ಮುಚ್ಚಿಲ್ಲ. ಬರ್ರಿ, ಒಳಗ ಬರ್ರಿ, ರೊಟ್ಟಿ ಬಿಸಿ ಅದಾವು."

ಅಂದ ಮೇಲೆ ತಾನು ಅಂದದ್ದು ಏನು ಅಂತ ಗೊತ್ತಾಗಿ, ನನ್ನ ಕಡೆ ತಿರುಗಿ ಕಣ್ಣು ಕೆಂಪು ಮಾಡಿದ. ನಾನು ಹೇಳಿಸಿದ ಹಾಗೆ.

ಅವನ ಜೊತೆ ವಾದ ಮಾಡುತ್ತಾ ನಿಲ್ಲಲು ಹೊತ್ತಿರಲಿಲ್ಲ. ಗಿರಾಕಿ ಕುಳಿತಿದ್ದರು, ಹಂಚು ಕಾದಿತ್ತು.