ಎರಡು ಎಕರೆ ಕಬ್ಬಿನ ಬಿಲ್ಲು

ಎಂಬತ್ತೇಳರ ಜೂನ್ ತಿಂಗಳ ಒಂದು ಭಾನುವಾರ ಮಾಮಾ ಮುಂಬಯಿಯ ವಿಕ್ರೋಳಿಯ ನಮ್ಮ ಮನೆಗೆ ಬಂದರು. ಅವರು ಅವ್ವನ ತಮ್ಮ. ಬೆಳಗಾವಿ ಕಡೆಯ ಹಳ್ಳಿಯಲ್ಲಿ ಅವ್ವನ ಹೆಸರಿಗೆ ಬಂದಿದ್ದ ಎರಡು ಎಕರೆಯಲ್ಲಿ ಕಬ್ಬು ಬೆಳೆಯುತ್ತಿದ್ದವರು ಅವರೇ. ಅಲ್ಲಿನ ಸಹಕಾರಿ ಸಕ್ಕರೆ ಕಾರ್ಖಾನೆಯ ಸದಸ್ಯೆ ಅವ್ವ. ಬಿಲ್ಲು ಅವಳ ಹೆಸರಿಗೆ ಬರುತ್ತಿತ್ತು. ಹಣ ಮಾತ್ರ ಊರಿನ ಬ್ಯಾಂಕಿಗೆ ಜಮಾ ಆಗಿ, ಮಾಮಾ ಖರ್ಚು ಕಳೆದು ಅರ್ಧ ಕಳಿಸುತ್ತಿದ್ದರು.

ಆ ವರ್ಷ ಹೋದ ವರ್ಷಕ್ಕಿಂತ ಮೂರು ಟನ್ ಹೆಚ್ಚು ಕಬ್ಬು ಹೋಗಿತ್ತು, ಬಂದ ಹಣ ಮಾತ್ರ ಕಡಿಮೆ. ಅವ್ವ ಒಂದು ಕಾರ್ಡ್ ಬರೆದಿದ್ದಳು: ಬಿಲ್ಲು, ತೂಕದ ಚೀಟಿ ಎಲ್ಲಾ ತಗೊಂಡು ಬಾ. ಇನ್ನೇನೂ ಬರೆದಿರಲಿಲ್ಲ. ತಮ್ಮನಿಗೆ ಅಷ್ಟರಲ್ಲೇ ಅರ್ಥವಾಗಿತ್ತು.

ಮಾಮಾ ಚಹಾ ಕುಡಿದು, ಚೀಲದಿಂದ ದಾರ ಕಟ್ಟಿದ ಚೀಟಿಗಳ ಕಟ್ಟನ್ನು ತೆಗೆದು ನನ್ನ ಮುಂದಿಟ್ಟರು. ದಿನಾ ಲೆಕ್ಕ ಬರೆದಿಡುವುದು ನನ್ನ ಚಟ. ಅದು ಮನೆಯವರಿಗೆಲ್ಲ ಗೊತ್ತಿತ್ತು.

"ನೀನs ನೋಡವ್ವಾ. ನಿಮ್ಮವ್ವಗ ನನ್ನ ಮ್ಯಾಲ ಭರೋಸಾ ಇಲ್ಲ," ಎಂದರು, ನಗುತ್ತಾ. ಅವ್ವ ನಗಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಚೀಟಿಗಳಿಗೆ ಕಾಕಂಬಿಯ ವಾಸನೆ ಇತ್ತು. ಒಂದೊಂದರಲ್ಲೂ ಮೂರು ತೂಕ: ತುಂಬಿದ ಬಂಡಿ, ಖಾಲಿ ಬಂಡಿ, ಎರಡರ ನಡುವಿನ ಕಬ್ಬು. ನಾನು ಆ ಹೊಲವನ್ನು ಚಿಕ್ಕವಳಿದ್ದಾಗ ಒಮ್ಮೆ ನೋಡಿದ್ದು. ಕೂಡಿಸುತ್ತಾ ಹೋದಂತೆ ಬಂಡಿಗಳು ನಮ್ಮ ಕೋಣೆಯೊಳಗೇ ಸಾಲಾಗಿ ಬರತೊಡಗಿದವು. ಹೊರಗೆ ಲೋಕಲ್ ರೈಲು ಹಾದುಹೋದರೆ ಗಾಲಿಗಳ ಸದ್ದು ಅವುಗಳದೇ ಅನ್ನಿಸಿತು. ಎತ್ತುಗಳು ಕಪಾಟಿನ ಪಕ್ಕದಿಂದ ಬಂದು, ತೂಗಿಸಿಕೊಂಡು, ಹಗುರಾಗಿ ಕಿಟಕಿಯಾಚೆ ಕರಗುತ್ತಿದ್ದವು. ಒಟ್ಟು ಅರವತ್ತೆರಡು ಟನ್ ನಾಲ್ಕುನೂರೈವತ್ತು ಕಿಲೋ. ಬಿಲ್ಲಿನಲ್ಲೂ ಅಷ್ಟೇ ಇತ್ತು.

"ತೂಕ ಸರಿ ಇದೆ," ಎಂದೆ. ಅವ್ವ ಸೆರಗಿನಿಂದ ಕೈ ಒರೆಸಿಕೊಂಡಳು.

ದರ ಟನ್ನಿಗೆ ನೂರ ತೊಂಬತ್ತೆರಡು. ಗುಣಿಸಿದೆ, ಹನ್ನೊಂದು ಸಾವಿರದ ಒಂಬೈನೂರ ತೊಂಬತ್ತು ರೂಪಾಯಿ ನಲವತ್ತು ಪೈಸೆ. ಅದೂ ಬಿಲ್ಲಿನೊಂದಿಗೆ ಕೂಡಿತು. ಕಟಾವು, ಸಾಗಣೆಯ ಖರ್ಚು ಕಳೆದದ್ದೂ ಸರಿ. ಹಾಗಾದರೆ ಹಣ ಕಡಿಮೆಯಾದದ್ದು ಎಲ್ಲಿ?

ಈ ನೂರ ತೊಂಬತ್ತೆರಡು ಎಲ್ಲಿಂದ ಬಂತೆಂದು ಕೇಳಿದೆ. ಮಾಮಾ ಬಿಡಿಸಿ ಹೇಳಿದರು. ನೂರು ಕಿಲೋ ಕಬ್ಬಿನಿಂದ ಎಷ್ಟು ಕಿಲೋ ಸಕ್ಕರೆ ಇಳಿಯುತ್ತದೋ ಅದು ರಿಕವರಿ. ಎಂಟೂವರೆ ಇದ್ದರೆ ಟನ್ನಿಗೆ ನೂರ ಎಪ್ಪತ್ತು. ಅದರ ಮೇಲೆ ಒಂದೊಂದು ಪಾಯಿಂಟಿಗೆ, ಅಂದರೆ ಶೇಕಡಾ ಒಂದರ ಹತ್ತನೇ ಭಾಗಕ್ಕೆ, ಎರಡು ರೂಪಾಯಿ. ಒಬ್ಬೊಬ್ಬರ ಹೊಲದ್ದಲ್ಲ, ಇಡೀ ಕಾರ್ಖಾನೆಯ ಹಿಂದಿನ ವರ್ಷದ ಹಂಗಾಮಿನ ಸರಾಸರಿ ಹಿಡಿಯುತ್ತಾರೆ. ಬಿಲ್ಲಿನಲ್ಲಿ ರಿಕವರಿ 9.6 ಎಂದಿತ್ತು. ಹನ್ನೊಂದು ಪಾಯಿಂಟಿಗೆ ಇಪ್ಪತ್ತೆರಡು ರೂಪಾಯಿ. ಲೆಕ್ಕ ಮತ್ತೆ ಸರಿ.

ಮಾಮಾ ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕನಸಿನಲ್ಲಿ ಕಂಡದ್ದನ್ನು ಹೇಳುವವರಂತೆ ಶುರುಮಾಡಿದರು. ಹೋದ ವರ್ಷದ ಹಂಗಾಮು ಮುಗಿದ ದಿನ ಅವರು ಕಾರ್ಖಾನೆಯಲ್ಲಿದ್ದರಂತೆ. ಕೊನೆಯ ಬಂಡಿಗೆ ಹೂವಿನ ಹಾರ, ಉರಿಬಿಸಿಲು, ಒಣಗಿದ ಕಬ್ಬು. ಗೇಟಿನ ಹತ್ತಿರದ ಕರಿಹಲಗೆಯ ಮೇಲೆ ದಿನಾ ಎರಡು ಅಂಕಿ ಬರೆಯುತ್ತಾರೆ: ಇಂದಿನ ರಿಕವರಿ ಒಂದು, ಇಂದಿನವರೆಗಿನ ಸರಾಸರಿ ಇನ್ನೊಂದು.

"ಅವತ್ತಿನ ಒಂದು ದಿನದ್ದು ಒಂಬತ್ತು ಆರು ಇತ್ತು. ಬ್ಯಾಸಿಗ್ಯಾಗ ಇಳೀತದ ಅದು. ಸರಾಸರಿ ಹತ್ತು ನಾಕು."

ಕಾರ್ಖಾನೆಯ ಆ ಹಂಗಾಮಿನ ವಾರ್ಷಿಕ ವರದಿಯೂ ಚೀಲದಲ್ಲಿತ್ತು. ತೆಗೆದು ನೋಡಿದೆ: 10.4. ಯಾರೋ ಗುಮಾಸ್ತ ಕೊನೆಯ ದಿನದ ವರದಿಯಲ್ಲಿ ಸರಾಸರಿಯ ಬದಲು ಪಕ್ಕದ ಕಾಲಮ್ಮಿನ ಒಂದು ದಿನದ ಅಂಕಿಯನ್ನು ಎತ್ತಿಕೊಂಡಿದ್ದ. ಹತ್ತೊಂಬತ್ತು ಪಾಯಿಂಟು, ಮೂವತ್ತೆಂಟು ರೂಪಾಯಿ. ದರ ಇನ್ನೂರ ಎಂಟು ಆಗಬೇಕಿತ್ತು. ಟನ್ನಿಗೆ ಹದಿನಾರರಂತೆ ಬಿಲ್ಲಿನಲ್ಲಿ ಒಂಬೈನೂರ ತೊಂಬತ್ತೊಂಬತ್ತು ರೂಪಾಯಿ ಇಪ್ಪತ್ತು ಪೈಸೆ ಕಡಿಮೆ ಬಂದಿತ್ತು. ಊರಿನ ಎಲ್ಲರಿಗೂ ಹೀಗೇ ಆಗಿರಬೇಕು.

ಬಂಡಿಗಳೆಲ್ಲ ಹೋಗಿ, ಕತ್ತರಿಸಿದ ಹೊಲದ ಮೇಲೆ ಬಿಸಿಲು ಮಲಗಿದ ಹಾಗೆ ಕಂಡಿತು ಕೋಣೆ. ಅವ್ವ ನನ್ನ ಲೆಕ್ಕದ ಹಾಳೆ ತೆಗೆದುಕೊಂಡು ನೋಡಿದಳು. ಓದಿದಳೋ, ಮುಖ ಮರೆಮಾಡಿಕೊಂಡಳೋ, ಹೇಳಲಾರೆ.

ಮಾಮಾ ಅರ್ಜಿ ಕೊಡಬೇಕೆಂದರು. ಸದಸ್ಯೆಯ ಸಹಿ ಬೇಕು, ಒಂದು ಸಹಿ ಹಾಕಿಕೊಟ್ಟರೆ ರಾತ್ರಿಯ ಬಸ್ಸಿಗೇ ಹೋಗುತ್ತೇನೆ ಎಂದರು. ಅವ್ವ ಪೆನ್ನು ತೆಗೆದುಕೊಳ್ಳಲಿಲ್ಲ.

"ಕಾಗದಾ ಕಳಿಸಿ ಏನಾಗೂದೈತಿ? ನಾನs ಬರ್ತೀನಿ."

"ಅಕ್ಕಾ, ನಾಕು ವರ್ಷ ಆತು ನೀ ಊರಿಗೆ ಬಂದು."

"ಅದಕs ಬರ್ತೀನಿ. ಆ ಆಫೀಸಿನ್ಯಾಗ ನಿನ್ನ ಪಕ್ಕ ನಿಂದರ್ತೀನಿ."

ಮಾಮಾ ಚೀಟಿಗಳನ್ನು ಮತ್ತೆ ದಾರದಲ್ಲಿ ಕಟ್ಟತೊಡಗಿದರು. ಗಂಟು ಎರಡು ಸಲ ಜಾರಿತು. ಅವ್ವ ಬಂದು ಕೆಳಗೆ ಕೂತು ದಾರದ ಮೇಲೆ ಬೆರಳಿಟ್ಟು ಹಿಡಿದುಕೊಂಡಳು. ಅವರು ಗಂಟು ಬಿಗಿದರು.