ತಿರುಗದ ಫ್ಯಾನಿನ ಲಾಭ

ನಾನು ರೊಕ್ಕ ನುಂಗಿದ್ದೇನೆ ಎಂಬ ಸುದ್ದಿ ಹುಟ್ಟಿದ್ದು ಐದು ಕಂದು ಬಣ್ಣದ ಫ್ಯಾನುಗಳಿಂದ. ನುಂಗಿದ್ದೆಷ್ಟು ಎಂದರೆ ಮೂರು ಸಾವಿರದ ಮುನ್ನೂರ ಎಂಬತ್ತು ರೂಪಾಯಿ. ನುಂಗುವುದೇ ಆಗಿದ್ದರೆ ಇಷ್ಟು ಬಡವಾಗಿ ಯಾಕೆ ನುಂಗುತ್ತಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಹೆಚ್ಚು ಉರಿದದ್ದು ಅದೇ.

ಆಗ ನಾನು ಶಹಾಬಾದಿನ ಒಂದು ಫ್ಯಾನಿನ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದೆ. ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಅಂಗಡಿಗಳಿಗೆಲ್ಲ ನಮ್ಮಿಂದಲೇ ಮಾಲು ಹೋಗುತ್ತಿತ್ತು. ಚಿಂಚೋಳಿಯ ಸಾವಕಾರರೊಬ್ಬರು ಬೇಸಿಗೆಗೆಂದು ಇಪ್ಪತ್ತು ಬಿಳಿ ಫ್ಯಾನು ಕೇಳಿದ್ದರು. ನಮ್ಮ ಗೋದಾಮಿನವರು ಹದಿನೈದು ಬಿಳಿ, ಐದು ಕಂದು ತುಂಬಿ ಕಳಿಸಿದರು. ತಪ್ಪು ನಮ್ಮದು. ನಮ್ಮ ಟೆಂಪೋದಲ್ಲೇ ಆ ಐದನ್ನೂ ವಾಪಸ್ ತರಿಸಿ, ನಾನು ಕ್ರೆಡಿಟ್ ನೋಟ್ ಮಾಡಿ ಕಳಿಸಿದೆ. ಅಂದರೆ, ನಿಮ್ಮ ಬಿಲ್ಲಿನಲ್ಲಿ ಇಷ್ಟು ಕಡಿಮೆ ಮಾಡಿದ್ದೇವೆ ಎಂದು ಒಪ್ಪಿಕೊಂಡು ಕೊಡುವ ಕಾಗದ. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಸಾವಕಾರರು ತಮ್ಮದೇ ಲೆಕ್ಕ ಹಾಕಿ, ತಮ್ಮದೇ ರಕಮು ಮುರಿದುಕೊಂಡು, ಉಳಿದದ್ದನ್ನು ಕಳಿಸಿ 'ಹಿಸಾಬ ಚುಕ್ತಾ' ಎಂದು ವಾಟ್ಸಾಪ್ ಹಾಕಿದರು. ನಮ್ಮಲ್ಲಿ ಇನ್ನೂ ಬಾಕಿ ತೋರಿಸುತ್ತಿತ್ತು. ನಾನು ಫೋನು ಮಾಡಿ ಕೇಳಿದೆ. ಅವರು ನನಗೆ ಉತ್ತರ ಕೊಡುವ ಬದಲು ನೇರ ನಮ್ಮ ಮಾಲಕರಿಗೆ ಫೋನು ಹಚ್ಚಿ, "ನಿಮ್ಮ ಆ ಬಾಯಿ ನಡುವ ರೊಕ್ಕ ತಿನ್ನಾಕತ್ಯಾಳ. ಆಕಿ ಇರಬೇಕು, ಇಲ್ಲಾ ನನ್ನ ಖಾತೆ ಇರಬೇಕು" ಎಂದರು. ಬಾಯಿ ಎಂದರೆ ನಮ್ಮ ಕಡೆ ಹೆಂಗಸು, ಅಂದರೆ ನಾನು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ನಮ್ಮ ಮಾಲಕರು. ದೊಡ್ಡ ಗಿರಾಕಿ ಹೇಳಿದ ಮೇಲೆ ಎತ್ತು ಎರಡು ಕರು ಹಾಕಿದರೂ ಅವರಿಗೆ ಅನುಮಾನ ಬರುತ್ತಿರಲಿಲ್ಲ.

"ನೀ ಚಿಂಚೋಳಿಗಿ ಹೋಗವ್ವ," ಎಂದರು ನನ್ನ ಮುಖ ನೋಡದೆ. "ಕಾಗದ ಎಲ್ಲಾ ತೋರ್ಸು. ಹಿಸಾಬ ಬರೋಬರಿ ಅದ ಅಂತ ಅವರ ಸಹಿ ತಗೊಂಡು ಬಾ."

"ತರದಿದ್ರ?"

"ಮತ್ತ ಸೋಮವಾರ ಬರೋದು ಬ್ಯಾಡ."

ಕ್ರೆಡಿಟ್ ನೋಟಿನ ಕೆಳಗೆ ಸಹಿ ಹಾಕಿದ್ದವರು ಈ ಮಾಲಕರೇ. ತಮ್ಮ ಸಹಿಯ ಮೇಲೆ ತಮಗೇ ನಂಬಿಕೆಯಿಲ್ಲದ ಮನುಷ್ಯನಿಗೆ ಏನು ಹೇಳುವುದು? ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡೆ.

ವಾಡಿಯ ಲಾರಿಗಳ ಧೂಳು ಕುಡಿದು, ಚಿತ್ತಾಪುರದಲ್ಲಿ ಒಂದು ಬಸ್ಸು ತಪ್ಪಿಸಿಕೊಂಡು, ಸೇಡಂನಲ್ಲಿ ಇನ್ನೊಂದು ಹತ್ತಿ, ಚಿಂಚೋಳಿ ಮುಟ್ಟುವಷ್ಟರಲ್ಲಿ ನನ್ನ ಸಿಟ್ಟು ಚೆನ್ನಾಗಿ ಕುದ್ದು ತಯಾರಾಗಿತ್ತು. ದಾರಿಯುದ್ದಕ್ಕೂ ಸಾವಕಾರರಿಗೆ ಬೈಯಬೇಕಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಆದರೆ ಅಂಗಡಿಯ ಮುಂದೆ ನಿಂತಾಗ ಕಣ್ಣಿಗೆ ಬಿದ್ದದ್ದು ಬಾಗಿಲಲ್ಲಿ ಸಾಲಾಗಿ ಇಟ್ಟಿದ್ದ ಕುಕ್ಕರುಗಳು. ಅವರ ಅಂಗಡಿಯಲ್ಲಿ ಫ್ಯಾನಿನ ಜೊತೆಗೆ ಪಾತ್ರೆಗಳೂ ಇದ್ದವು. ಅವರ ಲೆಕ್ಕ ಎಲ್ಲಿ ತಪ್ಪಿರಬಹುದು ಎಂಬ ಅನುಮಾನ ಬಸ್ಸಿನಲ್ಲೇ ಬಂದಿತ್ತು, ಅದನ್ನು ತೋರಿಸಲು ಒಂದು ಕುಕ್ಕರ್ ಸಾಕು ಎನ್ನಿಸಿತು. ಬೈಗುಳಗಳನ್ನು ಅಲ್ಲೇ ನುಂಗಿದೆ. ಹೌದು, ಆ ದಿನ ನಾನು ನುಂಗಿದ್ದು ಅಷ್ಟೇ.

ಸಾವಕಾರರು ನನ್ನ ದನಿ ಕೇಳಿದ್ದರೇ ಹೊರತು ಮುಖ ನೋಡಿರಲಿಲ್ಲ. ಹಣೆಗೆ ವಿಭೂತಿ, ಮುಂದೆ ಚಹಾದ ಲೋಟ, ಮಾತಿನಲ್ಲಿ ಸಕ್ಕರೆ.

"ಬರ್ರಿ ಅಕ್ಕಾರ, ಕುಂದ್ರಿ. ಏನ್ ತೋರಿಸ್ಲಿ?"

ಕುಕ್ಕರ್ ಕೇಳಿದೆ. ಡಬ್ಬಿಯ ಮೇಲೆ ಸಾವಿರದ ನಾಲ್ಕುನೂರ ಐವತ್ತು ಎಂದು ಅಚ್ಚಾಗಿತ್ತು. ನಾನು ಚೌಕಾಸಿಗೆ ಕೂತರೆ ಸುಲಭಕ್ಕೆ ಏಳುವವಳಲ್ಲ. ಎರಡು ಸಲ ಎದ್ದು ಬಾಗಿಲ ತನಕ ಹೋದೆ, ಎರಡು ಸಲವೂ ಅವರೇ ಕರೆದರು. ಕೊನೆಗೆ ಹನ್ನೊಂದು ನೂರಕ್ಕೆ ಇಳಿಸಿ, ರೊಕ್ಕ ಕೊಟ್ಟು, ಬಿಲ್ಲು ಬರೆಸಿಕೊಂಡೆ. ಮನೆಖರ್ಚಿನ ರೊಕ್ಕ ಅದು, ಕೊಡುವಾಗ ಕೈ ತಡೆಯಿತು.

ಕುಕ್ಕರ್ ಮಡಿಲಲ್ಲಿಟ್ಟುಕೊಂಡು, "ನಾ ಶಹಾಬಾದಿನಿಂದ ಬಂದೀನ್ರಿ. ನಿಮ್ಮ ರೊಕ್ಕ ತಿಂದಾಕಿ ನಾನೇ" ಎಂದೆ.

ಮಾತಿನ ಸಕ್ಕರೆ ಅಲ್ಲೇ ಕರಗಿತು. ಆದರೂ ಚಹಾ ತರಿಸಿದರು, ಅಷ್ಟು ಮಾತ್ರ ಮರ್ಯಾದೆ ಇತ್ತು. ನಾನು ಕಾಗದ ಹರವಿದೆ.

"ನೋಡ್ರಿ ಸಾವಕಾರ್ರ. ಫ್ಯಾನಿನ ರೇಟು ಎರಡು ಸಾವಿರ. ನಿಮಗ ನೂರಕ್ಕ ಹತ್ತು ಕಡಿಮಿ ಮಾಡಿ ಕೊಟ್ಟೀವಿ. ಸಾವಿರದ ಎಂಟುನೂರು ಆತು. ಇಪ್ಪತ್ತಕ್ಕ ಮೂವತ್ತಾರು ಸಾವಿರ. ಅದರ ಮ್ಯಾಲ ನೂರಕ್ಕ ಹದಿನೆಂಟು ಜಿಎಸ್‌ಟಿ, ಆರು ಸಾವಿರದ ನಾಲ್ಕುನೂರ ಎಂಬತ್ತು. ಒಟ್ಟು ಬಿಲ್ಲು ನಲವತ್ತೆರಡು ಸಾವಿರದ ನಾಲ್ಕುನೂರ ಎಂಬತ್ತು. ಖರೇ ಅದನೋ ಇಲ್ಲೋ?"

"ಅದು ಖರೇ."

"ಐದು ಫ್ಯಾನು ವಾಪಸ್ ಬಂದ್ವು. ನಿಮಗ ಯಾವ ರೇಟಿಗಿ ಕೊಟ್ಟಿದ್ವಿ, ಅದೇ ರೇಟಿಗಿ ಹೊಳ್ಳಿ ತಗೊಂಡೀವಿ. ಐದು ಸಲ ಸಾವಿರದ ಎಂಟುನೂರು, ಒಂಬತ್ತು ಸಾವಿರ. ಅದರ ಮ್ಯಾಲ ನಿಮಗ ಹಚ್ಚಿದ್ದ ಟ್ಯಾಕ್ಸೂ ಹೊಳ್ಳಿ ಕೊಟ್ಟೀವಿ, ಸಾವಿರದ ಆರುನೂರ ಇಪ್ಪತ್ತು. ಕ್ರೆಡಿಟ್ ನೋಟ್ ಹತ್ತು ಸಾವಿರದ ಆರುನೂರ ಇಪ್ಪತ್ತರದ್ದು. ಬಿಲ್ಲಿನಾಗ ಇದನ್ನ ಕಳೀರಿ, ಮೂವತ್ತೊಂದು ಸಾವಿರದ ಎಂಟುನೂರ ಅರವತ್ತು. ನೀವು ಮೊದಲ ಇಪ್ಪತ್ತು ಸಾವಿರ ಕೊಟ್ಟೀರಿ. ಉಳೀತು ಹನ್ನೊಂದು ಸಾವಿರದ ಎಂಟುನೂರ ಅರವತ್ತು. ನೀವು ಕಳ್ಸಿದ್ದು ಎಂಟು ಸಾವಿರದ ನಾಲ್ಕುನೂರ ಎಂಬತ್ತು. ಇನ್ನ ಮೂರು ಸಾವಿರದ ಮುನ್ನೂರ ಎಂಬತ್ತು ಬರಬೇಕು. ಇದರಾಗ ನಾ ತಿಂದದ್ದು ಎಲ್ಲಿ ಅದ, ಬಟ್ಟಿಟ್ಟು ತೋರಸ್ರಿ."

ಅವರು ಬೆರಳಿಡಲಿಲ್ಲ. ಚಹಾ ಹೀರಿ, "ನಿನ್ನ ಹಿಸಾಬ ನಿನಗ, ನನ್ನ ಹಿಸಾಬ ನನಗ, ತಂಗಿ" ಎಂದರು. "ನನ್ನ ಅಂಗಡ್ಯಾಗ ಆ ಫ್ಯಾನಿನ ರೇಟು ಎರಡು ಸಾವಿರದ ಎಂಟುನೂರು. ಐದಕ್ಕ ಹದಿನಾಲ್ಕು ಸಾವಿರ. ಅಷ್ಟು ಮುರ್ಕೊಂಡೀನಿ. ನೀ ಹತ್ತು ಸಾವಿರ ಚಿಲ್ಲರ ಹಾಕಿ ಉಳದದ್ದು ಹೊಡೀಲಿಕ್ಕತ್ತಿ."

ನನ್ನ ಅನುಮಾನ ಸುಳ್ಳಾಗಲಿಲ್ಲ. ಇದೇ ಆಗಿತ್ತು ಸಂಗತಿ! ಫ್ಯಾನು ಗೋಡೌನಿನ ಡಬ್ಬಿಯಿಂದ ಹೊರಬಂದಿಲ್ಲ, ಯಾರ ಮನೆಯ ಜಂತಿಗೂ ತೂಗಿಲ್ಲ, ಒಂದು ಸುತ್ತು ತಿರುಗಿಲ್ಲ. ಆದರೆ ಅದನ್ನು ಮಾರಿದ್ದರೆ ಬರುತ್ತಿದ್ದ ಲಾಭ ಮಾತ್ರ ಒಂದೊಂದು ಫ್ಯಾನಿಗೆ ಆರುನೂರ ಎಪ್ಪತ್ತಾರು ರೂಪಾಯಿಯಂತೆ ಸಾವಕಾರರ ಜೇಬಿಗೆ ಇಳಿಯಬೇಕು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ. ಕೂಸನ್ನೇ ವಾಪಸ್ ಕಳಿಸಿ ಕುಲಾವಿಯ ರೊಕ್ಕ ಕೇಳುವವರನ್ನು ಕಂಡದ್ದು ಅಂದೇ ಮೊದಲು.

"ಮಾರದ ಮಾಲಿಗಿ ಲಾಭ ಹ್ಯಾಂಗ ಬರ್ತದ್ರಿ?"

"ನೀವು ಬಿಳಿ ಕಳಿಸಿದ್ರ ಮಾರ್ತಿದ್ದೆ."

"ಬಣ್ಣ ತಪ್ಪಿದ್ದು ನಮ್ಮ ತಪ್ಪು, ಒಪ್ತೀನಿ. ಆ ನಷ್ಟ ಕೇಳೋದಿದ್ರ ಮಾಲಕರ ಜೋಡಿ ಬ್ಯಾರೆ ಮಾತಾಡ್ರಿ. ಇದು ವಾಪಸ್ ಬಂದ ಮಾಲಿನ ಕಾಗದ. ಬಿಲ್ಲಿನ ರೇಟು ಬಿಟ್ಟು ಬ್ಯಾರೆ ರೇಟು ಇದರಾಗ ಕುಂದ್ರಂಗಿಲ್ಲ. ನಿಮ್ಮ ಟ್ಯಾಕ್ಸಿನವರನ್ನೂ ಕೇಳ್ರಿ. ಆರು ಸಾವಿರದ ನಾಲ್ಕುನೂರ ಎಂಬತ್ತು ನೀವು ಸರಕಾರಕ್ಕ ಕಟ್ಟೋ ಟ್ಯಾಕ್ಸಿನಾಗ ಮುರ್ಕೊಂಡಿದ್ರಿ, ಅದರಾಗ ಸಾವಿರದ ಆರುನೂರ ಇಪ್ಪತ್ತು ಈಗ ಹೊಳ್ಳಿ ಕಟ್ಟಬೇಕು. ಅವರಿಗೂ ಇದೇ ಕಾಗದ ಬೇಕು."

"ಟ್ಯಾಕ್ಸ್ ಅವ ನೋಡ್ಕೋತಾನ. ನೀ ಏನ್ ಹೇಳಿದ್ರೂ ಫ್ಯಾನು ಎರಡು ಸಾವಿರದ ಎಂಟುನೂರೇ," ಎಂದು ಕಾಗದಗಳನ್ನು ನನ್ನ ಕಡೆ ತಳ್ಳಿದರು. ಸೋಮವಾರ ನನಗೆ ಕೆಲಸವಿಲ್ಲ ಎಂಬುದನ್ನು ಅವರು ಎರಡು ಬೆರಳಲ್ಲಿ ತಳ್ಳಿದ ಹಾಗಿತ್ತು.

ನಾನು ಕುಕ್ಕರನ್ನು ಮೇಜಿನ ಮೇಲೆ ಇಟ್ಟೆ.

"ಆಯ್ತು ಬಿಡ್ರಿ. ಇದೂ ನನಗ ಬ್ಯಾಡ. ವಾಪಸ್ ತಗೋರಿ."

ಪೀಡೆ ತೊಲಗಲಿ ಎಂದೋ ಏನೋ, ಅವರು ಗಲ್ಲಾ ಎಳೆದು ಹನ್ನೊಂದು ನೂರು ಎಣಿಸಿ ಮುಂದಿಟ್ಟರು. ನಾನು ಮುಟ್ಟಲಿಲ್ಲ.

"ಸಾವಿರದ ನಾಲ್ಕುನೂರ ಐವತ್ತು ಕೊಡ್ರಿ," ಎಂದೆ. "ಡಬ್ಬಿ ಮ್ಯಾಲ ಅದೇ ರೇಟು ಅದ."

"ಏನ್ ತಂಗಿ, ಚೇಷ್ಟಿ ಮಾಡ್ತೀಯೇನು? ನೀ ಕೊಟ್ಟಿದ್ದು ಹನ್ನೊಂದು ನೂರಲ್ಲೇನು?"

ಅಂಗಡಿಯಲ್ಲಿ ತಂಬಿಗೆ ನೋಡುತ್ತ ನಿಂತಿದ್ದ, ಪಕ್ಕದ ಊರು ಚಿಮ್ಮನಚೋಡದ ಗಂಡಹೆಂಡತಿ ತಿರುಗಿ ನೋಡಿದರು. ನಾನು ಕ್ರೆಡಿಟ್ ನೋಟನ್ನು ಕುಕ್ಕರಿನ ಮೇಲೆ ಇಟ್ಟು, ಒಂಬತ್ತು ಸಾವಿರ ಎಂದು ಬರೆದ ಸಾಲಿನ ಮೇಲೆ ಬೆರಳಿಟ್ಟು ಕೂತೆ. ಸಾವಕಾರರ ಮುಖ ಮೆಲ್ಲಗೆ ಹುಳ್ಳಗಾಯಿತು. ಆ ಹೆಂಗಸು, "ಸಾವಕಾರ್ರು ಬರೋಬರಿ ಹೇಳಾಕತ್ಯಾರ, ಕೊಟ್ಟಷ್ಟೇ ಹೊಳ್ಳಿ ಕೊಡಬೇಕಲ್ಲ" ಎಂದು ಗಂಡನಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಪಾಪ, ಆಕೆ ಹೇಳಿದ್ದು ಕುಕ್ಕರಿನ ವಿಷಯ, ಫ್ಯಾನಿನ ವಿಷಯಕ್ಕೂ ಸರಿಯಾಗಿ ಕೂತಿತು.

ಸಾವಕಾರರು ಫೋನು ತೆಗೆದು ಮೂರು ಸಾವಿರದ ಮುನ್ನೂರ ಎಂಬತ್ತು ನಮ್ಮ ಅಂಗಡಿಯ ಖಾತೆಗೆ ಹಾಕಿದರು. ಸಹಿ ಮಾಡಿದರು. ನಮ್ಮ ಮಾಲಕರಿಗೆ ಫೋನು ಮಾಡಿ, "ಹಿಸಾಬ ಬರೋಬರಿ ಅದ. ಆದ್ರ ಈ ಬಾಯಿನ್ನ ಮತ್ತ ಕಳಸಬ್ಯಾಡ್ರಿ" ಎಂದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ನಾನು ಕಾಯಲೂ ಇಲ್ಲ. ಆಮೇಲೆ ಮುಂದಿಟ್ಟಿದ್ದ ಹನ್ನೊಂದು ನೂರನ್ನು ಎತ್ತಿ ಗಲ್ಲಾದೊಳಗೆ ಹಾಕಿ, ಗೋಡೆಯ ಬೋರ್ಡು ತೋರಿಸಿದರು. 'ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ' ಎಂದು ಕೆಂಪು ಅಕ್ಷರದಲ್ಲಿ ಇತ್ತು. ಸೋತವರಿಗೂ ಏನಾದರೂ ಒಂದು ಗೆಲುವು ಬೇಕಲ್ಲ. ನಾನು ಕುಕ್ಕರ್ ಎತ್ತಿಕೊಂಡು ಬಸ್ ಹತ್ತಿದೆ.

ಸೋಮವಾರ ಸಹಿಯ ಕಾಗದವನ್ನು ಮಾಲಕರ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಕುಕ್ಕರೂ ಜೊತೆಯಲ್ಲೇ ಇತ್ತು, ಅಂಗಡಿಯ ಕೆಲಸಕ್ಕೆ ಕೊಂಡದ್ದು, ಅದರ ರೊಕ್ಕ ಕೊಡಿ ಎಂದು ಕೇಳುವವಳಿದ್ದೆ. ಅವರು ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಬಿಲ್ಲು ನೋಡಿದರು. ಡಬ್ಬಿ ತಿರುಗಿಸಿ ನೋಡಿದರು.

"ನಮ್ಮ ಮನ್ಯಾಗಿನ ಕುಕ್ಕರ್ ಹಳೇದಾಗ್ಯದ. ಇದನ್ನ ನನಗೇ ಕೊಡವ್ವ. ಸಾವಿರ ಕೊಡ್ತೀನಿ."

"ಸಾವಿರದ ನಾಲ್ಕುನೂರ ಐವತ್ತು ಕೊಡ್ರಿ. ಡಬ್ಬಿ ಮ್ಯಾಲ ಬರದದ."

"ಹುಚ್ಚಿ ಅದೀಯೇನು? ನೀ ಕೊಟ್ಟಿದ್ದು ಹನ್ನೊಂದು ನೂರಲ್ಲೇನು?"

ಅವರ ಬಾಯಿಂದ ಅದೇ ಮಾತು ಬಂದಾಗ ನನ್ನ ನಗು ನಿಂತಿತು. ಬಸ್ಸಿನ ಧೂಳು, ಎರಡು ಬೆರಳಲ್ಲಿ ತಳ್ಳಿದ ಕಾಗದ, ನಿದ್ದೆಯಿಲ್ಲದ ಆ ವಾರ, ಎಲ್ಲ ಒಮ್ಮೆಲೇ ನೆನಪಾದವು.

"ಹೌದ್ರಿ, ಕೊಟ್ಟಿದ್ದು ಹನ್ನೊಂದು ನೂರೇ," ಎಂದೆ. "ಇಷ್ಟು ಗೊತ್ತಿದ್ದವರು, ಸಾವಕಾರರು ಫೋನ್ ಮಾಡಿದ ದಿನಾನೇ ಅವರಿಗಿ ಇದನ್ನ ಹೇಳಬಹುದಿತ್ತಲ್ರಿ."

ಮಾಲಕರು ಕಾಗದ ಕೈಗೆತ್ತಿಕೊಂಡು ಓದತೊಡಗಿದರು, ಮೊದಲ ಸಲ ನೋಡುವವರ ಹಾಗೆ. ನಾನು ಕುಕ್ಕರನ್ನು ಮೇಜಿನಿಂದ ಎತ್ತಿ, ನನ್ನ ಕುರ್ಚಿಯ ಕೆಳಗಿಟ್ಟು, ಆ ದಿನದ ಬಿಲ್ಲುಗಳನ್ನು ಶುರು ಮಾಡಿದೆ.