ಮಗನನ್ನು ಹೊಡೆಯಲೊಪ್ಪದ ಮೇಡಂ

ಏಳನೇ ತರಗತಿಗೇ ಶಾಲೆ ಬಿಟ್ಟು ಪೀಣ್ಯದ ಲೇತ್ ಮಿಷನ್ ಮುಂದೆ ನಿಂತವನು ನಾನು. ಮೇಸ್ತ್ರಿ ತಲೆಗೆ ಮೊಟಕಿ ಕೆಲಸ ಕಲಿಸಿದ, ಕಲಿತೆ. ತೊಂಬತ್ತರ ದಶಕದಲ್ಲಿ ಒಂಬತ್ತನೇ ತರಗತಿಯಲ್ಲಿದ್ದ ಮಗ ಕನ್ನಡ ಕ್ಲಾಸಿನಲ್ಲಿ ಶಿಳ್ಳೆ ಹಾಕುತ್ತಾನೆ, ಇನ್ನೊಂದು ಸಲ ಹಾಕಿದರೆ ಟಿಸಿ ಕೊಡುತ್ತೇವೆ ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದಾಗ, ಗ್ರೀಸ್ ಮೆತ್ತಿದ ಕೈಯಲ್ಲೇ ನೇರ ಕ್ಲಾಸಿಗೆ ನುಗ್ಗಿದೆ.

“ನಾಲ್ಕು ಬಿಡಿ ಮೇಡಂ ಇವನಿಗೆ. ನಾನು ಯಾಕೆ ಅಂತ ಕೇಳಲ್ಲ.”

ಕನ್ನಡ ಮೇಡಂ ಕೈಲಿದ್ದ ಪುಸ್ತಕವನ್ನೂ ಮುಚ್ಚಲಿಲ್ಲ. “ಹೊಡೆದ್ರೆ ಕ್ಲಾಸೆಲ್ಲಾ ಅವನ ಕಡೆ ಆಗುತ್ತೆ. ಆಮೇಲೆ ನಾನು ಯಾರಿಗೆ ಪಾಠ ಮಾಡ್ಲಿ?”

“ನಿಮ್ಮ ಕೈಲಾಗದಿದ್ರೆ ನಾನೇ ಮಾಡ್ತೀನಿ,” ಎಂದು ಮಗನ ಕಾಲರ್ ಹಿಡಿದು ಕೈ ಎತ್ತಿದೆ. ಹಿಂದಿನ ಬೆಂಚಿನಿಂದ ಯಾರೋ, “ಮಚ್ಚಾ, ನಿಮ್ಮಪ್ಪ ಸಕ್ಕತ್ ಕಣೋ!” ಎಂದ. ಹುಡುಗಿಯರೂ ನಕ್ಕರು. ಮಗ ನನ್ನನ್ನು ಶತ್ರುವಿನಂತೆ ನೋಡಿದ.

ಮೇಡಂ ನಡುವೆ ಬಂದು ನಿಂತರು. “ಕೈ ಬಿಡಿ. ಇದು ನನ್ನ ಕ್ಲಾಸು. ಇಲ್ಲಿ ಇವನನ್ನ ನೀವೂ ಹೊಡೆಯೋ ಹಾಗಿಲ್ಲ. ಹೊರಗೆ ನಡೀರಿ ಸಾರ್.”

ಹೆತ್ತವನನ್ನೇ ಹೊರಗೆ ಕಳಿಸಲು ಇವಳ್ಯಾರು ಎಂದು ಉರಿಯುತ್ತಾ ವರಾಂಡದಲ್ಲಿ ನಿಂತೆ. ಒಳಗೆ ಆಕೆ ಶಿಳ್ಳೆಯ ಸುದ್ದಿಯನ್ನೇ ಎತ್ತದೆ, “ಎಲ್ಲಿಗೆ ನಿಲ್ಲಿಸಿದ್ವಿ? ಮುಂದಿನ ಪ್ಯಾರಾ ನೀನು ಓದು,” ಎಂದು ಅವನಿಗೇ ಹೇಳಿದರು. ತಡವರಿಸುತ್ತಲೇ ಓದಿದ.

ಆಕೆಯ ಕ್ಲಾಸಿನಲ್ಲಿ ಅವನು ಮತ್ತೆ ಶಿಳ್ಳೆ ಹಾಕಲಿಲ್ಲ, ಟಿಸಿಯೂ ಬರಲಿಲ್ಲ. ಆ ವಯಸ್ಸಿನ ಹುಡುಗರಿಗೆ ಏಟಿಗಿಂತ, ಜೊತೆಯವರ ಎದುರು ಮರ್ಯಾದೆ ಉಳಿಸಿದವರ ಮಾತು ನಾಟುತ್ತದೆ ಎಂಬುದನ್ನು ಈಗ ಒಪ್ಪುತ್ತೇನೆ. ಆಕೆಯನ್ನು ಮಾತ್ರ ಒಪ್ಪಲಾರೆ. ಅವನ ಮರ್ಯಾದೆ ಉಳಿಸಲು ನನ್ನದನ್ನು ಕಳೆದರು.